ನೋಟಿಸಿನಿಂದ ಪ್ರಮಾಣಪತ್ರದವರೆಗೆ: ವಿಶೇಷ ವಿವಾಹ ಕಾಯ್ದೆಯ ಕೆಲವು ಸಾಲುಗಳಿಗೆ ವ್ಯಾಖ್ಯಾನ

ಛತ್ರ ಬೇಡ, ವಾಲಗ ಬೇಡ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಮದುವೆಯಾಗುತ್ತೇವೆ ಎಂದು ನಿರ್ಧರಿಸಿದ ಜೋಡಿ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಆ ಕಚೇರಿಯಲ್ಲಿ ಮದುವೆಗೆ ಸಂಬಂಧಪಟ್ಟಂತೆ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಹೊರಗೆಲ್ಲೋ ಆಗಿಹೋದ ಮದುವೆಯನ್ನು ಪುಸ್ತಕದಲ್ಲಿ ದಾಖಲಿಸಿಕೊಳ್ಳುವುದು. ಇನ್ನೊಂದು, ಮದುವೆಯನ್ನೇ ಅಲ್ಲಿ ನಡೆಸುವುದು. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನಡಿ ಆಗುವುದು ಮೊದಲನೆಯದು ಮಾತ್ರ. ಆ ಕಾಯ್ದೆಯ ಮಟ್ಟಿಗೆ ಮದುವೆ ಆಗುವುದು 7ನೇ ಕಲಮಿನಲ್ಲಿ, ಅಂದರೆ ವಧು ಅಥವಾ ವರನ ಕಡೆಯ ರೂಢಿಯ ಶಾಸ್ತ್ರಗಳಲ್ಲಿ. ಶಾಸ್ತ್ರವೇ ನಡೆಯದಿದ್ದರೆ ದಾಖಲಿಸಲು ಅಲ್ಲಿ ಏನೂ ಇರುವುದಿಲ್ಲ.

ಇದು ಬರೀ ತಾಂತ್ರಿಕ ತಕರಾರಲ್ಲ. 2024ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇಂಥದ್ದೇ ಒಂದು ಪ್ರಕರಣವನ್ನು ತೀರ್ಮಾನಿಸಿತು. ಶಾಸ್ತ್ರ ಮುಂದೆಂದಾದರೂ ಮಾಡಿಕೊಂಡರಾಯಿತು ಎಂದುಕೊಂಡು ಇಬ್ಬರು ಯಾವುದೋ ಸಂಸ್ಥೆಯಿಂದ ಒಂದು ಪ್ರಮಾಣಪತ್ರ ಪಡೆದು, ಅದರ ಬಲದ ಮೇಲೆ ನೋಂದಣಿಯನ್ನೂ ಮಾಡಿಸಿಕೊಂಡಿದ್ದರು. ಆಮೇಲೆ ಜಗಳವಾಯಿತು, ವಿಚ್ಛೇದನದ ಅರ್ಜಿ ಬಿತ್ತು. ಹಿಂದೂ ವಿವಾಹ ಕಾಯ್ದೆ ಕೇಳುವ ಶಾಸ್ತ್ರ ನಡೆಯದೆ ಇದ್ದಲ್ಲಿ ನೋಂದಣಿಯಿಂದ ಮದುವೆ ಹುಟ್ಟುವುದಿಲ್ಲ, ಇವರು ಗಂಡಹೆಂಡತಿ ಆಗಿಯೇ ಇರಲಿಲ್ಲ ಎಂದಿತು ಕೋರ್ಟು. ಕಚೇರಿಗಳ ಸುತ್ತ ಸಿಗುವ ಮಧ್ಯವರ್ತಿಗಳು ‘ಇವತ್ತೇ ಮಾಡಿಸಿಕೊಡ್ತೀನಿ, ಹಾರ ಹಾಕಿಕೊಂಡ ಒಂದು ಫೋಟೊ ಸಾಕು’ ಎನ್ನುವಾಗ ಕೊಡುತ್ತಿರುವುದು ಇಂಥದೇ ಟೊಳ್ಳು ಕಾಗದ. ಅದರ ಟೊಳ್ಳುತನ ಗೊತ್ತಾಗುವುದು ಆಸ್ತಿ, ಪಿಂಚಣಿ, ಜೀವನಾಂಶದ ಪ್ರಶ್ನೆ ಬಂದ ದಿನ.

ಶಾಸ್ತ್ರವಿಲ್ಲದೆ ಮದುವೆಯಾಗುವವರಿಗೆ ಇರುವ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಜಾತಿ, ಧರ್ಮ ಬೇರೆಯಾದವರಿಗೆ ಮಾತ್ರ ಈ ಕಾಯ್ದೆ ಎಂಬ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಒಂದೇ ಜಾತಿಯ, ಒಂದೇ ಬೀದಿಯ ಇಬ್ಬರೂ ಇದರಡಿ ಮದುವೆಯಾಗಬಹುದು. ಕರ್ನಾಟಕದಲ್ಲಿ ಸಬ್ ರಿಜಿಸ್ಟ್ರಾರರೇ ಇದರ ವಿವಾಹಾಧಿಕಾರಿ. ಮುಂದೆ ಕೊಡುವ ಸಾಲುಗಳು ಕಾಯ್ದೆಯ ಮತ್ತು ಅದರ ಅನುಸೂಚಿಗಳಲ್ಲಿನ ನಮೂನೆಗಳ ಸಾರಾಂಶ. ಅರ್ಥ ಹಿಡಿಯಲು ಒಂದು ಕಲ್ಪಿತ ಜೋಡಿಯನ್ನು ಜೊತೆಗಿಟ್ಟುಕೊಳ್ಳೋಣ. ಹುಡುಗ ಹುಬ್ಬಳ್ಳಿಯ ಹಿಂದೂ ಮನೆಯವನು, ಎರಡು ವರ್ಷದಿಂದ ಬೆಂಗಳೂರಿನ ಜಯನಗರದಲ್ಲಿ ಬಾಡಿಗೆಗಿದ್ದಾನೆ. ಹುಡುಗಿ ಮಂಗಳೂರಿನ ಕ್ರೈಸ್ತ ಮನೆಯವಳು, ವೈಟ್‌ಫೀಲ್ಡಿನ ಪಿ.ಜಿ. ಬಿಟ್ಟು ಬಸವನಗುಡಿಗೆ ಬಂದು ಹನ್ನೆರಡು ದಿನವಾಗಿದೆ.

“ಇಂದಿನಿಂದ ಮೂರು ತಿಂಗಳೊಳಗೆ ನಮ್ಮಿಬ್ಬರ ಮದುವೆ ನಡೆಸಬೇಕೆಂದಿದ್ದೇವೆ ಎಂದು ಈ ಮೂಲಕ ತಿಳಿಸುತ್ತೇವೆ.”

ಎರಡನೇ ಅನುಸೂಚಿಯಲ್ಲಿರುವ ನೋಟಿಸ್ ಶುರುವಾಗುವುದು ಹೀಗೆ. ಕೆಳಗೆ ಇಬ್ಬರ ಸಹಿಯೂ ಬೇಕು. ‘ತಿಳಿಸುತ್ತೇವೆ’ ಎಂಬುದನ್ನು ಗಮನಿಸಿ. ಇದು ಅನುಮತಿ ಕೋರುವ ಅರ್ಜಿಯಲ್ಲ, ಅಧಿಕಾರಿಗೆ ಕೊಡುವ ಸೂಚನೆ. ಕಾವೇರಿ ಜಾಲತಾಣದಲ್ಲಿ ವಿವರ ತುಂಬಿದರೂ, ಕಾಗದದಲ್ಲೇ ಬರೆದುಕೊಟ್ಟರೂ ಇದರ ಸ್ವರೂಪ ಬದಲಾಗುವುದಿಲ್ಲ.

ಇಲ್ಲಿಂದ ಎರಡು ಗಡುವುಗಳು ಓಡತೊಡಗುತ್ತವೆ. ಎರಡೂ ಒಂದೇ ದಿನ ಶುರುವಾಗಬೇಕೆಂದಿಲ್ಲ. ಆಕ್ಷೇಪಣೆಗಾಗಿ ಕಾಯುವ 30 ದಿನಗಳ ಲೆಕ್ಕ ನೋಟಿಸಿನ ಪ್ರತಿಯನ್ನು ಕಚೇರಿಯ ಫಲಕಕ್ಕೆ ಅಂಟಿಸಿದ ದಿನದಿಂದ. 14ನೇ ಕಲಮಿನ ಮೂರು ತಿಂಗಳ ಲೆಕ್ಕ ನೋಟಿಸ್ ಕೊಟ್ಟ ದಿನದಿಂದ. ನಮ್ಮ ಜೋಡಿ ಜೂನ್ 2ರಂದು ನೋಟಿಸ್ ಕೊಟ್ಟಿತು, ಕಚೇರಿಯವರು ಅದನ್ನು ಅಂಟಿಸಿದ್ದು ಜೂನ್ 5ಕ್ಕೆ ಎಂದಿಟ್ಟುಕೊಳ್ಳಿ. ಆಕ್ಷೇಪಣೆಯ ಅವಧಿ ಜುಲೈ 5ಕ್ಕೆ ಮುಗಿಯುತ್ತದೆ, ಮದುವೆಗೆ ಜುಲೈ 6ರಿಂದ ದಾರಿ ತೆರೆಯುತ್ತದೆ. ಸೆಪ್ಟೆಂಬರ್ 2ರ ಹೊತ್ತಿಗೆ ಆ ದಾರಿ ಮುಚ್ಚುತ್ತದೆ. ಅಷ್ಟರಲ್ಲಿ ಮದುವೆಯಾಗದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಆದ್ದರಿಂದ ನೋಟಿಸ್ ಕೊಟ್ಟು ಬರುವಾಗ ‘ಯಾವತ್ತು ಅಂಟಿಸುತ್ತೀರಿ’ ಎಂದು ಕೇಳಿ, ಆ ತಾರೀಖು ಬರೆದುಕೊಳ್ಳಬೇಕು. ಎರಡು ವಾರ ಫೈಲಿನಲ್ಲೇ ಉಳಿದ ನೋಟಿಸ್ ಎರಡು ವಾರ ಮದುವೆಯನ್ನೂ ಮುಂದೂಡುತ್ತದೆ. ಅಮೆರಿಕದಿಂದಲೋ ದುಬೈನಿಂದಲೋ ಮೂರು ವಾರದ ರಜೆ ಹಾಕಿ ಬಂದು ಎಲ್ಲ ಮುಗಿಸಿಕೊಂಡು ಹೋಗುತ್ತೇವೆ ಎನ್ನುವವರ ಲೆಕ್ಕ ತಪ್ಪುವುದೂ ಇಲ್ಲೇ.

“ಹೆಸರು, ಉದ್ಯೋಗ, ವಯಸ್ಸು.”

ಕಾಯ್ದೆ ಕೇಳುವುದು ಹುಡುಗನಿಗೆ 21, ಹುಡುಗಿಗೆ 18 ವರ್ಷ ತುಂಬಿರಬೇಕು ಎಂದಷ್ಟೆ. ಪುರಾವೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಒಳ್ಳೆಯದು. ಆಧಾರ್ ಗುರುತಿಗೆ ಸರಿ, ಹುಟ್ಟಿದ ದಿನಕ್ಕೆ ಅದನ್ನೊಂದನ್ನೇ ನಂಬಿಕೊಂಡು ಹೋಗಬಾರದು.

ತೊಂದರೆ ಕೊಡುವುದು ವಯಸ್ಸಿಗಿಂತ ಹೆಸರು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಒಂದಕ್ಷರದ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಮೂರು ಪದ. ನಮ್ಮ ಕಡೆ ಇದು ಮನೆಮನೆಯ ಕಥೆ. ನೋಟಿಸಿನಲ್ಲಿ ಬರೆದ ಹೆಸರೇ ಮುಂದೆ ಪ್ರಮಾಣಪತ್ರಕ್ಕೂ ಇಳಿಯುತ್ತದೆ. ವೀಸಾ ಅರ್ಜಿಗೋ ಬ್ಯಾಂಕಿಗೋ ಅದನ್ನು ಕೊಟ್ಟಾಗ ಎರಡು ಕಾಗದದ ಹೆಸರು ತಾಳೆಯಾಗದೆ ಅಲೆದಾಟ ಶುರುವಾಗುತ್ತದೆ. ನೋಟಿಸ್ ಬರೆಯುವ ಮೊದಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಅಕ್ಷರ ಅಕ್ಷರ ಹೋಲಿಸಿ ನೋಡಿ. ಹೊಂದದಿದ್ದರೆ ಆಧಾರ್ ತಿದ್ದಿಸುವುದು ಮೊದಲ ಉಪಾಯ. ಅದಕ್ಕೆ ಸಮಯವಿಲ್ಲದಿದ್ದರೆ ಎರಡೂ ಹೆಸರು ಒಬ್ಬನದೇ ಎಂದು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದ ಅಫಿಡವಿಟ್.

“ಸ್ಥಿತಿ.”

ಇಲ್ಲಿ ಬರೆಯಬೇಕಾದ್ದು ಅವಿವಾಹಿತರೋ, ಸಂಗಾತಿಯನ್ನು ಕಳೆದುಕೊಂಡವರೋ, ವಿಚ್ಛೇದನ ಪಡೆದವರೋ ಎಂಬುದು. ಮರಣವಾಗಿದ್ದರೆ ಮರಣ ಪ್ರಮಾಣಪತ್ರ, ವಿಚ್ಛೇದನವಾಗಿದ್ದರೆ ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ಲಗತ್ತಿಸಬೇಕು. ಡಿಕ್ರಿ ಕೈಗೆ ಬಂದ ಮರುದಿನವೇ ನೋಟಿಸ್ ಕೊಡಲು ಓಡುವುದು ಬೇಡ. ಮೇಲ್ಮನವಿಗೆ 90 ದಿನಗಳ ಅವಕಾಶವಿದೆ, ಅದು ಕಳೆಯುವವರೆಗೆ ಕಾಯುವುದು ಕ್ಷೇಮ. ಊರ ಹಿರಿಯರ ಮುಂದೆ ಬರೆದುಕೊಂಡ ಬಿಡುಗಡೆ ಪತ್ರ ಈ ಕಚೇರಿಯಲ್ಲಿ ನಡೆಯುವುದಿಲ್ಲ.

“ವಾಸಸ್ಥಳ, ಅದು ಕಾಯಂ ಅಲ್ಲದಿದ್ದರೆ ಕಾಯಂ ವಾಸಸ್ಥಳ, ವಾಸದ ಅವಧಿ.”

ಇಡೀ ನೋಟಿಸಿನಲ್ಲಿ ಅತ್ಯಂತ ಎಚ್ಚರದಿಂದ ತುಂಬಬೇಕಾದ ಅಂಕಣಗಳು ಇವು. ಯಾವ ಕಚೇರಿಗೆ ಹೋಗಬೇಕು, ನೋಟಿಸ್ ಎಲ್ಲೆಲ್ಲಿ ಅಂಟುತ್ತದೆ ಎಂಬ ಎರಡೂ ಇದರ ಮೇಲೇ ನಿಂತಿವೆ.

5ನೇ ಕಲಮಿನ ಪ್ರಕಾರ ನೋಟಿಸ್ ಕೊಡುವ ದಿನಕ್ಕೆ ಹಿಂದಿನ ಕನಿಷ್ಠ 30 ದಿನ ಇಬ್ಬರಲ್ಲಿ ಒಬ್ಬರಾದರೂ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ಒಬ್ಬರಿದ್ದರೆ ಸಾಕು. ಹುಡುಗಿ ಬಸವನಗುಡಿಗೆ ಬಂದು ಹನ್ನೆರಡೇ ದಿನವಾಗಿದ್ದರೂ ಅವಳು ಇನ್ನೂ ಹದಿನೆಂಟು ದಿನ ಕಾಯಬೇಕಾಗಿಲ್ಲ. ಹುಡುಗನ ಜಯನಗರದ ವಿಳಾಸದ ಮೇಲೆ ನೋಟಿಸ್ ಕೊಡಬಹುದು. ಅದಕ್ಕೆ ಅವನ ಬಾಡಿಗೆ ಕರಾರು ಆಧಾರ. ಅವನೂ ಕರಾರಿಲ್ಲದೆ ಪಿ.ಜಿ.ಯಲ್ಲಿದ್ದಿದ್ದರೆ ಕಷ್ಟವಾಗುತ್ತಿತ್ತು. ಪಿ.ಜಿ. ನಡೆಸುವವರು ಕೊಡುವ ತಿಂಗಳ ರಸೀದಿಯನ್ನು ವಾಸದ ಪುರಾವೆಯೆಂದು ಒಪ್ಪಿಸುವುದು ಸುಲಭವಲ್ಲ. ಅಂಥವರು ಬ್ಯಾಂಕ್ ಪಾಸ್‌ಬುಕ್ಕಿನ ವಿಳಾಸವನ್ನೋ ಆಧಾರಿನ ವಿಳಾಸವನ್ನೋ ಮೊದಲೇ ಬದಲಿಸಿಕೊಂಡಿರಬೇಕು.

ಇನ್ನು ಕಾಯಂ ವಾಸಸ್ಥಳ. ಇಬ್ಬರಲ್ಲಿ ಯಾರಾದರೂ ಈ ಅಧಿಕಾರಿಯ ವ್ಯಾಪ್ತಿಯಲ್ಲಿ ಕಾಯಂ ವಾಸವಿಲ್ಲದಿದ್ದರೆ, ನೋಟಿಸಿನ ಒಂದು ಪ್ರತಿ ಅವರ ಕಾಯಂ ಊರಿನ ವಿವಾಹಾಧಿಕಾರಿಗೆ ಹೋಗಬೇಕು, ಅಲ್ಲಿಯ ಫಲಕದ ಮೇಲೂ ಅಂಟಬೇಕು ಎನ್ನುತ್ತದೆ 6ನೇ ಕಲಮಿನ ಮೂರನೇ ಉಪಕಲಮು. ನಮ್ಮ ಜೋಡಿ ಹುಬ್ಬಳ್ಳಿ, ಮಂಗಳೂರು ಎಂದು ಬರೆದರೆ ಎರಡೂ ಊರಿನ ಕಚೇರಿಗಳಲ್ಲಿ ಅವರ ಹೆಸರು, ವಯಸ್ಸು, ವಿಳಾಸ ಗೋಡೆ ಏರುತ್ತದೆ. ಮನೆಯವರಿಗೆ ಇನ್ನೂ ಹೇಳಿಲ್ಲದ ಎಷ್ಟೋ ಮಕ್ಕಳ ವಿಷಯ ಮನೆಗೆ ತಲುಪುವುದು ಈ ದಾರಿಯಿಂದ. ಹೊಡೆತ, ಗೃಹಬಂಧನಗಳಿಗೆ ಅಂಜುವ ಹುಡುಗಿಯರ ಪಾಲಿಗೆ ಇದು ನಿಜವಾದ ಅಪಾಯ. ಕಾಯ್ದೆಯ ಅತಿ ದೊಡ್ಡ ಕುಂದು ಇದೇ ಎಂದು ನಾನು ನಂಬಿದ್ದೇನೆ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವವರ ಮೇಲೆ ಇಂಥ ಪ್ರಕಟಣೆಯ ಹೊರೆ ಇಲ್ಲದಿರುವಾಗ ಇವರ ಮೇಲೇಕೆ ಇರಬೇಕು?

ಹೈಕೋರ್ಟುಗಳೂ ಈ ಪ್ರಶ್ನೆಯನ್ನು ಎತ್ತಿಕೊಂಡಿವೆ. ನೋಟಿಸನ್ನು ಜೋಡಿಯ ಮನೆಗಳಿಗೆ ಕಳಿಸುವುದು ಕಾಯ್ದೆಯಲ್ಲಿಲ್ಲದ ಕ್ರಮ ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಪ್ರಕಟಣೆ ಬೇಕೋ ಬೇಡವೋ ಎಂಬುದು ಜೋಡಿಯ ಆಯ್ಕೆಗೆ ಬಿಟ್ಟದ್ದು ಎಂದು 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ತೀರ್ಪಿತ್ತಿತು. ಆದರೆ ಆ ತೀರ್ಪುಗಳು ನಮ್ಮ ರಾಜ್ಯದ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ, ಕಾಯ್ದೆಯ ಸಾಲು ಹಾಗೆಯೇ ಇದೆ. ಹಾಗಾಗಿ ಇಲ್ಲಿ ಪ್ರಕಟಣೆ ಆಗಿಯೇ ಆಗುತ್ತದೆ ಎಂದುಕೊಂಡೇ ಸಿದ್ಧರಾಗಿರಬೇಕು. ಕಾಯಂ ವಿಳಾಸವನ್ನು ಸುಳ್ಳು ಬರೆಯುವುದು ಪರಿಹಾರವಲ್ಲ. ಹತ್ತು ವರ್ಷದಿಂದ ಬೆಂಗಳೂರಲ್ಲೇ ನೆಲೆಸಿ, ಮತದಾರರ ಪಟ್ಟಿಯಲ್ಲೂ ಇಲ್ಲೇ ಇರುವವರು ಹುಟ್ಟೂರನ್ನು ಅಭ್ಯಾಸಬಲದಿಂದ ಕಾಯಂ ವಿಳಾಸವೆಂದು ಬರೆಯಬೇಕಾಗಿಲ್ಲ ಎಂಬುದು ಮಾತ್ರ ನಿಜ. ಜೀವಕ್ಕೆ ಬೆದರಿಕೆ ಇದ್ದರೆ ನೋಟಿಸ್ ಕೊಡುವ ಮೊದಲೇ ವಕೀಲರನ್ನು ಕಂಡು, ಪೊಲೀಸ್ ರಕ್ಷಣೆಗೆ ಮನವಿ ಸಲ್ಲಿಸಬೇಕು. ಅಂಟಿಸಿದ ಮೇಲೆ ಓಡಾಡುವುದು ತಡವಾದೀತು.

“4ನೇ ಕಲಮಿನ ಷರತ್ತುಗಳಲ್ಲಿ ಒಂದನ್ನಾದರೂ ಈ ಮದುವೆ ಮೀರುತ್ತದೆ ಎಂಬ ಕಾರಣದ ಮೇಲೆ ಯಾರೇ ಆಗಲಿ ಆಕ್ಷೇಪಿಸಬಹುದು.”

7ನೇ ಕಲಮಿನ ಈ ಸಾಲಿನಲ್ಲಿ ‘ಯಾರೇ ಆಗಲಿ’ ಎಂಬುದು ಹೆದರಿಸುತ್ತದೆ. ಆದರೆ ಅದರ ಹಿಂದೆಯೇ ಇರುವ ಷರತ್ತು ಬಾಗಿಲನ್ನು ಬಹಳ ಕಿರಿದು ಮಾಡುತ್ತದೆ. ಆಕ್ಷೇಪಣೆಗೆ ಇರುವ ಆಧಾರಗಳು 4ನೇ ಕಲಮಿನಲ್ಲಿರುವಷ್ಟೇ: ಇಬ್ಬರಲ್ಲಿ ಒಬ್ಬರ ಗಂಡನೋ ಹೆಂಡತಿಯೋ ಬದುಕಿರುವುದು, ಮದುವೆಗೆ ಒಪ್ಪಿಗೆ ಕೊಡಲಾಗದಂಥ ಮನೋಸ್ಥಿತಿ, ವಯಸ್ಸು ತುಂಬದಿರುವುದು, ನಿಷಿದ್ಧ ಸಂಬಂಧ. ‘ನಮ್ಮ ಜಾತಿಯವನಲ್ಲ’, ‘ನಮಗೆ ಒಪ್ಪಿಗೆಯಿಲ್ಲ’, ‘ಸಂಬಳ ಸಾಲದು’ ಎಂಬುವು ಆಕ್ಷೇಪಣೆಗಳೇ ಅಲ್ಲ. ಹುಡುಗಿಯ ಚಿಕ್ಕಪ್ಪ ಮಂಗಳೂರಿನಿಂದ ಬಂದು ಕೌಂಟರಿನ ಮುಂದೆ ಕೂಗಾಡಿದರೂ ಅದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕಾದರೆ ಅವರ ಆಕ್ಷೇಪಣೆಯನ್ನು ಅಧಿಕಾರಿ ನೋಟಿಸ್ ಪುಸ್ತಕದಲ್ಲಿ ಬರೆದು, ಅವರಿಗೆ ಓದಿ ಹೇಳಿ, ಅವರ ಸಹಿ ಹಾಕಿಸಿಕೊಂಡಿರಬೇಕು.

ಹಾಗೆ ದಾಖಲಾದರೆ ವಿಚಾರಣೆ ನಡೆಯಬೇಕು, ಅದೂ 30 ದಿನದೊಳಗೆ. ಅಧಿಕಾರಿ ಆಕ್ಷೇಪಣೆಯನ್ನು ಎತ್ತಿಹಿಡಿದು ಮದುವೆ ಮಾಡಿಸುವುದಿಲ್ಲವೆಂದರೆ ಜೋಡಿಯಲ್ಲಿ ಯಾರಾದರೂ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಬೇಕೆಂದೇ ಆಧಾರವಿಲ್ಲದೆ ತಕರಾರು ತೆಗೆದವರಿಂದ 1,000 ರೂಪಾಯಿಯವರೆಗೆ ಖರ್ಚು ಕೊಡಿಸಲು 9ನೇ ಕಲಮಿನಲ್ಲಿ ಅವಕಾಶವಿದೆ. 1954ರಲ್ಲಿ ಅದು ದೊಡ್ಡ ಮೊತ್ತವಾಗಿತ್ತು, ಇಂದು ಯಾರನ್ನೂ ತಡೆಯದು. ಆಕ್ಷೇಪಣೆ ಇದೆ ಎಂದು ಬರೀ ಬಾಯಿಮಾತಿನಲ್ಲಿ ಹೇಳಿ ಕಚೇರಿಯವರು ವಾಪಸ್ ಕಳಿಸಿದರೆ, ದಾಖಲಾದ ಆಕ್ಷೇಪಣೆಯನ್ನು ತೋರಿಸಿ ಎಂದು ಕೇಳಬೇಕು. ನೋಟಿಸ್ ಪುಸ್ತಕ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದಾದ ದಾಖಲೆ. ಆ ನಿಯಮ ಜೋಡಿಗೂ ಅನ್ವಯಿಸುತ್ತದೆ.

“ನಾನು ವಧುವಿಗೆ (ವರನಿಗೆ) ನಿಷಿದ್ಧ ಸಂಬಂಧದವನಲ್ಲ (ದವಳಲ್ಲ).”

ಮದುವೆಯ ದಿನ ಅಧಿಕಾರಿಯ ಮುಂದೆ ಸಹಿ ಹಾಕುವ ಘೋಷಣೆಯ ಸಾಲಿದು. ಸುಳ್ಳೆಂದು ಗೊತ್ತಿದ್ದೂ ಸಹಿ ಹಾಕಿದರೆ ಜೈಲು, ದಂಡ ಎಂದು ಅದೇ ಘೋಷಣೆಯ ಕೊನೆಯಲ್ಲಿ ಬರೆದಿದೆ. ಉತ್ತರ ಭಾರತದ ಓದುಗರು ಈ ಸಾಲನ್ನು ಸುಮ್ಮನೆ ದಾಟಿ ಹೋಗಬಹುದು, ಕನ್ನಡಿಗರು ನಿಂತು ಓದಬೇಕು. ಯಾಕೆಂದರೆ ಮೊದಲ ಅನುಸೂಚಿಯ ನಿಷಿದ್ಧ ಪಟ್ಟಿಯಲ್ಲಿ ಅಕ್ಕತಂಗಿಯ ಮಗಳೂ ಇದ್ದಾಳೆ, ಸೋದರಮಾವನ ಮಗಳೂ ಇದ್ದಾಳೆ, ಸೋದರತ್ತೆಯ ಮಗಳೂ ಇದ್ದಾಳೆ. ನಮ್ಮಲ್ಲಿ ಹುಟ್ಟಿದಾಗಿನಿಂದ ‘ಇವಳು ಅವನಿಗೇ’ ಎಂದು ಹೇಳಿಕೊಂಡು ಬಂದ ಸಂಬಂಧಗಳೇ ಇವು.

ರೂಢಿಗೆ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಆದರೆ ಆ ರೂಢಿ ಸರ್ಕಾರ ಗೆಜೆಟ್ಟಿನಲ್ಲಿ ಅಧಿಸೂಚಿಸಿದ್ದಾಗಿರಬೇಕು. ‘ನಮ್ಮ ಕಡೆ ಇದು ಇದ್ದದ್ದೇ’ ಎಂದರೆ ಸಾಲದು. ಹಿಂದೂ ವಿವಾಹ ಕಾಯ್ದೆಯಲ್ಲಾದರೆ ರೂಢಿಯಿದೆ ಎಂದು ತೋರಿಸಿದರೆ ಸಾಕಾಗುತ್ತದೆ. ಆದ್ದರಿಂದ ಸೋದರಮಾವನ ಮಗಳನ್ನು ಸರಳವಾಗಿ ಮದುವೆಯಾಗಬೇಕೆಂದಿರುವ ಹಿಂದೂ ಹುಡುಗ ಈ ಕಾಯ್ದೆಯ ದಾರಿ ಬಿಟ್ಟು, ಮನೆಯ ನಡುಮನೆಯಲ್ಲೇ ತಮ್ಮವರ ರೂಢಿಯ ಶಾಸ್ತ್ರ ಮುಗಿಸಿ, ಆಮೇಲೆ 8ನೇ ಕಲಮಿನಡಿ ನೋಂದಾಯಿಸುವುದೇ ಸರಿ. ಶಾಸ್ತ್ರ ಚಿಕ್ಕದಿರಬಹುದು, ಹತ್ತೇ ಜನ ಇರಬಹುದು. ಅದು ನಿಜವಾಗಿ ನಡೆದಿರಬೇಕು ಅಷ್ಟೆ.

“ನಮಗೆ ತಿಳಿದಮಟ್ಟಿಗೆ ಈ ಮದುವೆಗೆ ಕಾನೂನಿನ ಅಡ್ಡಿಯಿಲ್ಲ.”

ಘೋಷಣೆಯ ಕೆಳಗೆ ಮೂವರು ಸಾಕ್ಷಿಗಳು ಸಹಿ ಹಾಕುವುದು ಈ ಮಾತಿಗೆ. ಮೂವರೂ ಅಂದು ಖುದ್ದಾಗಿ ಬರಬೇಕು, ಗುರುತಿನ ಚೀಟಿ ತರಬೇಕು. ತಂದೆತಾಯಿಯರೇ ಆಗಬೇಕೆಂದಿಲ್ಲ, ಗೆಳೆಯರು ಸಾಕು. ಕಚೇರಿಯ ಹೊರಗೆ ದುಡ್ಡಿಗೆ ಸಿಗುವ ಸಾಕ್ಷಿಗಳು ಮಾತ್ರ ಬೇಡವೇ ಬೇಡ. ಈ ಮದುವೆ ಮುಂದೊಂದು ದಿನ ಕೋರ್ಟಿನಲ್ಲಿ ಪ್ರಶ್ನೆಗೊಳಗಾದರೆ ಬಂದು ‘ಹೌದು, ನಾನಿದ್ದೆ’ ಎನ್ನಬೇಕಾದವರು ಇವರೇ.

“ನಾನು, ಇಂಥವನು, ಇಂಥವಳಾದ ನಿನ್ನನ್ನು ನನ್ನ ಕಾನೂನುಬದ್ಧ ಪತ್ನಿಯಾಗಿ ಸ್ವೀಕರಿಸುತ್ತೇನೆ.”

ಈ ಮಾತು ಇರುವುದು 12ನೇ ಕಲಮಿನಲ್ಲಿ. ಮದುವೆಯನ್ನು ಯಾವ ವಿಧಾನದಲ್ಲಿ ಬೇಕಾದರೂ ಮಾಡಿಕೊಳ್ಳಿ ಎಂದು ಜೋಡಿಗೆ ಪೂರ್ತಿ ಸ್ವಾತಂತ್ರ್ಯ ಕೊಡುವ ಕಾಯ್ದೆ ಒಂದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರಿನಲ್ಲಿ, ಇಬ್ಬರಿಗೂ ಅರ್ಥವಾಗುವ ಭಾಷೆಯಲ್ಲಿ, ಒಬ್ಬರಿಗೊಬ್ಬರು ಈ ಮಾತು ಹೇಳದಿದ್ದರೆ ಮದುವೆ ಪೂರ್ಣವೂ ಅಲ್ಲ, ಬದ್ಧವೂ ಅಲ್ಲ. ಹುಡುಗ ಕನ್ನಡದಲ್ಲಿ ಹೇಳಬಹುದು, ಹುಡುಗಿ ಕೊಂಕಣಿಯಲ್ಲಿ ಹೇಳಬೇಕೆಂದರೆ ಹುಡುಗನಿಗೂ ಅದು ಅರ್ಥವಾಗುವಂತಿರಬೇಕು. ಹೋಮಕ್ಕೆ ಅಗ್ನಿ ಎಷ್ಟು ಮುಖ್ಯವೋ ಈ ಮದುವೆಗೆ ಈ ವಾಕ್ಯ ಅಷ್ಟು ಮುಖ್ಯ.

ಆಸ್ತಿ ನೋಂದಣಿಯ ನೂಕುನುಗ್ಗಲಿನ ನಡುವೆ ‘ಇಲ್ಲಿ ಸಹಿ, ಇಲ್ಲಿ ಸಹಿ, ಆಯ್ತು’ ಎಂದು ಮುಗಿಸಿಬಿಡುವ ಅಪಾಯವಿದೆ. ಅಂಥಲ್ಲಿ ಜೋಡಿಯೇ ಒಂದು ನಿಮಿಷ ಕೇಳಿಕೊಳ್ಳಬೇಕು. ಮಾತನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗಿ, ಎದುರುಬದುರು ನಿಂತು, ಸಾಕ್ಷಿಗಳಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿ. ಹಾರ ಬೇಕಿದ್ದರೆ ಹಾರ, ತಾಳಿ ಬೇಕಿದ್ದರೆ ತಾಳಿ, ಉಂಗುರ ಬೇಕಿದ್ದರೆ ಉಂಗುರ, ಯಾವುದನ್ನೂ ಕಾಯ್ದೆ ಬೇಡವೆನ್ನುವುದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿ ಅಧಿಕಾರಿಯನ್ನು ಹತ್ತಿರದ ಬೇರೆ ಜಾಗಕ್ಕೆ ಬರಮಾಡಿಕೊಳ್ಳುವುದಕ್ಕೂ ಅದೇ ಕಲಮಿನಲ್ಲಿ ಅವಕಾಶವಿದೆ. ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾಗಬೇಕೆನ್ನುವವರು ಈ ಕಲಮನ್ನು ಬಳಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅಧಿಕಾರಿ ಮತ್ತು ಸಾಕ್ಷಿಗಳ ಎದುರಲ್ಲೇ ಮಂತ್ರಮಾಂಗಲ್ಯದ ಪ್ರತಿಜ್ಞೆಗಳ ಜೊತೆ ಈ ವಾಕ್ಯವನ್ನೂ ಹೇಳಿದರೆ, ಶಾಸ್ತ್ರ ನಡೆಯಿತೇ ಇಲ್ಲವೇ ಎಂಬ ತಕರಾರಿಗೆ ಮುಂದೆ ಜಾಗವೇ ಉಳಿಯುವುದಿಲ್ಲ.

“ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ.”

ಇದು ಯಾವ ನಮೂನೆಯಲ್ಲೂ ಕಾಣದ, 19ನೇ ಕಲಮಿನಲ್ಲಿ ಕೂತಿರುವ ಪರಿಣಾಮ. ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಅವಿಭಕ್ತ ಕುಟುಂಬದವರು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದಂತೆ ಎಂದು ಅದು ಹೇಳುತ್ತದೆ. ಬೇರೆಯಾಗುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ, ಪಾಲು ಅವರದೇ. ಮುಂದೆ ಅವರ ಆಸ್ತಿಯ ಉತ್ತರಾಧಿಕಾರಕ್ಕೆ 21ನೇ ಕಲಮಿನಂತೆ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಇಬ್ಬರೂ ಈ ನಾಲ್ಕು ಧರ್ಮಗಳಿಗೆ ಸೇರಿದವರಾಗಿದ್ದರೆ 1976ರಲ್ಲಿ ಸೇರಿಸಿದ 21ಎ ಕಲಮು ಇವೆರಡನ್ನೂ ತಡೆಯುತ್ತದೆ, ಅವರಿಗೆ ಮೊದಲಿನ ಕಾನೂನೇ ಮುಂದುವರಿಯುತ್ತದೆ. ನಮ್ಮ ಹುಬ್ಬಳ್ಳಿಯ ಹುಡುಗನಿಗೆ ಮಾತ್ರ ಈ ರಕ್ಷೆ ಸಿಗದು. ಅವನ ಮನೆಯಲ್ಲಿ ಪಿತ್ರಾರ್ಜಿತ ಜಮೀನು ಇನ್ನೂ ಒಟ್ಟಿಗಿದ್ದರೆ ಮದುವೆಗೆ ಮೊದಲೇ ಒಬ್ಬ ವಕೀಲರ ಜೊತೆ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

“ಇಂಥ ದಿನ, ನನ್ನ ಎದುರಿನಲ್ಲಿ, ಈ ಇಬ್ಬರ ಮದುವೆ ನಡೆಯಿತೆಂದು ದೃಢೀಕರಿಸುತ್ತೇನೆ.”

ಪ್ರಮಾಣಪತ್ರ ಪುಸ್ತಕದಲ್ಲಿ ಇದನ್ನು ಬರೆದು ಜೋಡಿ ಮತ್ತು ಮೂವರು ಸಾಕ್ಷಿಗಳು ಸಹಿ ಮಾಡಿದ ಮೇಲೆ, ಈ ಕಾಯ್ದೆಯಡಿ ಮದುವೆ ನಡೆದಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ. ಮದುವೆಯ ಫೋಟೊ, ಲಗ್ನಪತ್ರಿಕೆ, ಪುರೋಹಿತರ ಪತ್ರ ಯಾವುದೂ ಬೇಕಿಲ್ಲ. ಸಹಿ ಹಾಕುವ ಮೊದಲು ಇಬ್ಬರ ಹೆಸರು, ತಂದೆಯ ಹೆಸರು, ತಾರೀಖುಗಳನ್ನು ಬೆರಳಿಟ್ಟು ಓದಿ. ತಪ್ಪು ಆಮೇಲೆ ಕಂಡರೆ ಮೂಲವನ್ನು ಅಳಿಸಿ ಬರೆಯುವಂತಿಲ್ಲ. 49ನೇ ಕಲಮಿನಂತೆ, ತಪ್ಪು ಗಮನಕ್ಕೆ ಬಂದ ಒಂದು ತಿಂಗಳೊಳಗೆ, ಮದುವೆಯಾದವರ ಎದುರಿನಲ್ಲಿ, ಅಧಿಕಾರಿ ಪುಟದ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ತಾರೀಖು ಹಾಕಬೇಕು. ಪ್ರಮಾಣಪತ್ರದ ದೃಢೀಕೃತ ಪ್ರತಿಗಳನ್ನು ಅಂದೇ ಎರಡು ಮೂರು ಕೇಳಿ ತೆಗೆದುಕೊಂಡರೆ ಪಾಸ್‌ಪೋರ್ಟಿಗೆ ಒಂದು, ಬ್ಯಾಂಕಿಗೆ ಒಂದು ಎಂದು ಮತ್ತೆ ಮತ್ತೆ ಕಚೇರಿಗೆ ಬರುವುದು ತಪ್ಪುತ್ತದೆ.